ಕೇಳಿದ್ದು ಸ್ಟೇಟ್‌ಮೆಂಟ್, ಬಂದದ್ದು ಅದರ ಫೋಟೊ

ಬ್ಯಾಂಕ್ ಶಾಖೆಗೆ ಹೋಗಿ ‘ಸ್ಟೇಟ್‌ಮೆಂಟ್‌ನ ಸಾಫ್ಟ್ ಕಾಪಿ ಬೇಕಿತ್ತು ಸರ್’ ಎಂದು ಕೇಳಿದರೆ ಹಲವು ಕಡೆ ನಡೆಯುವುದು ಇಷ್ಟು. ಸಿಬ್ಬಂದಿ ಕಂಪ್ಯೂಟರಿನಲ್ಲಿ ನಮ್ಮ ಖಾತೆ ತೆರೆದು ಪ್ರಿಂಟ್ ಕೊಡುತ್ತಾರೆ. ಹಾಳೆಗಳು ಹೊರಬರುತ್ತವೆ. ಪ್ರತಿ ಹಾಳೆಯ ಕೆಳಗೆ ದುಂಡು ಸೀಲು ಬೀಳುತ್ತದೆ, ಪಕ್ಕದಲ್ಲೊಂದು ಸಹಿ. ಆಮೇಲೆ ಅದೇ ಹಾಳೆಗಳನ್ನು ಸ್ಕ್ಯಾನರ್ ಮೇಲಿಟ್ಟು, ಬಂದ ಫೈಲನ್ನು ನಮ್ಮ ಇ-ಮೇಲ್‌ಗೆ ಕಳಿಸುತ್ತಾರೆ. ಫೈಲಿನ ಹೆಸರಿನ ಕೊನೆಯಲ್ಲಿ ಪಿಡಿಎಫ್ ಎಂದಿರುತ್ತದೆ. ಶಾಖೆಯ ಲೆಕ್ಕದಲ್ಲಿ ಕೆಲಸ ಮುಗಿಯಿತು.

ಆದರೆ ಆ ಫೈಲಿನೊಳಗೆ ಇರುವುದು ಅಕ್ಷರಗಳಲ್ಲ, ಅಕ್ಷರಗಳ ಫೋಟೊ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಶುದ್ಧ ಅಂಕಿಗಳಾಗಿದ್ದ ಮಾಹಿತಿ ಕಾಗದಕ್ಕೆ ಇಳಿದು, ಕಾಗದದಿಂದ ಚಿತ್ರವಾಗಿ ಮತ್ತೆ ಕಂಪ್ಯೂಟರ್ ಸೇರುತ್ತದೆ. ಕಣ್ಣಿದ್ದವರು ಓದಿಕೊಳ್ಳಬಹುದು. ಸ್ಕ್ರೀನ್ ರೀಡರ್ ನಂಬಿ ಓದುವವರಿಗೆ ಅದು ಖಾಲಿ ಹಾಳೆ.

ಇದನ್ನು ನಾನು ಬರೆಯಲು ಕಾರಣ ನಮ್ಮ ಹಾಸ್ಟೆಲಿನ ಗೆಳೆಯ. ಅವನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಎಂ.ಎ. ಓದುತ್ತಿದ್ದಾನೆ, ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ತಯಾರಿ. ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದಾನೆ. ಪರದೆಯ ಮೇಲಿನ ಪಠ್ಯವನ್ನು ಅದು ಧ್ವನಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅವನು ಕೇಳುವ ವೇಗದಲ್ಲಿ ನಾವು ಕಣ್ಣಿನಿಂದಲೂ ಓದಲಾರೆವು. ಅಂಥವನು ತನ್ನ ಸ್ವಂತ ಖಾತೆಯ ನಾಲ್ಕು ಪುಟ ಓದಲು ಇನ್ನೊಬ್ಬರನ್ನು ಕರೆಯಬೇಕಾಯಿತು.

ಅವನಿಗೆ ಸ್ಟೇಟ್‌ಮೆಂಟ್ ಏಕೆ ಬೇಕಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜೂನ್ 3ರಂದು ಎಟಿಎಮ್‌ನಲ್ಲಿ 3,000 ರೂಪಾಯಿ ತೆಗೆಯಲು ಹೋದ. ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಡಿತವಾಯಿತು. ಕೆಲವು ದಿನಗಳ ನಂತರ ಹಣ ವಾಪಸ್ ಜಮೆಯಾಯಿತು. ಸಾಮಾನ್ಯವಾಗಿ ನಾವೆಲ್ಲ ‘ಬಂತಲ್ಲ, ಸಾಕು’ ಎಂದು ಬಿಟ್ಟುಬಿಡುತ್ತೇವೆ. ಆದರೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇದಕ್ಕೊಂದು ಗಡುವು ಹಾಕಿದೆ. ಹಣ ಬಾರದೆ ಖಾತೆಯಿಂದ ಕಡಿತವಾಗಿದ್ದರೆ ವ್ಯವಹಾರ ನಡೆದ ದಿನದಿಂದ 5 ದಿನಗಳೊಳಗೆ ಬ್ಯಾಂಕೇ ಅದನ್ನು ಮರಳಿಸಬೇಕು. ತಡವಾದರೆ ಆನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ಗ್ರಾಹಕ ದೂರು ಕೊಡಲಿ ಎಂದು ಕಾಯದೆ. ಇಲ್ಲಿ ದಿನ ಎಂದರೆ ಕ್ಯಾಲೆಂಡರ್ ದಿನ, ಭಾನುವಾರ ಬಿಟ್ಟು ಎಣಿಸುವಂತಿಲ್ಲ.

ಅವನ ಲೆಕ್ಕ ಹೀಗೆ. ಜೂನ್ 3ಕ್ಕೆ 5 ದಿನ ಸೇರಿಸಿದರೆ ಜೂನ್ 8. ಹಣ ಮರಳಿದ್ದು ಜೂನ್ 19ಕ್ಕೆ. 11 ದಿನ ತಡ, ಅಂದರೆ 1,100 ರೂಪಾಯಿ ಬರಬೇಕು. ವಿದ್ಯಾರ್ಥಿವೇತನದಲ್ಲಿ ಬದುಕುವ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಈ ಲೆಕ್ಕ ಹಾಕಬೇಕಾದರೆ ಹಣ ಮರಳಿದ ದಿನಾಂಕ ನಿಖರವಾಗಿ ಗೊತ್ತಿರಬೇಕು. ಅವನ ಖಾತೆಗೆ ನೆಟ್ ಬ್ಯಾಂಕಿಂಗ್ ಇರಲಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಕೊನೆಯ ಕೆಲವು ವ್ಯವಹಾರಗಳಷ್ಟೇ ಕಾಣುತ್ತಿದ್ದವು. ಹಾಗಾಗಿ ಶಾಖೆಗೆ ಹೋಗಬೇಕಾಯಿತು. (ನೆಟ್ ಬ್ಯಾಂಕಿಂಗ್ ಇರುವವರು ಅಲ್ಲಿಂದಲೇ ಸ್ಟೇಟ್‌ಮೆಂಟ್ ಇಳಿಸಿಕೊಂಡರೆ ಬಹುತೇಕ ಪಠ್ಯವಿರುವ ಪಿಡಿಎಫ್ ಸಿಗುತ್ತದೆ, ಈ ತಾಪತ್ರಯವೇ ಇಲ್ಲ. ಶಾಖೆಗೆ ಪತ್ರ ಬರೆಯುವ ಪ್ರಸಂಗ ಬರುವುದು ಹಳೆಯ ಅವಧಿಯ ವಿವರ ಬೇಕಾದಾಗ, ಮುಚ್ಚಿದ ಖಾತೆಯ ವಿವರ ಬೇಕಾದಾಗ, ಅಥವಾ ಆನ್‌ಲೈನ್ ಸೌಲಭ್ಯವೇ ಇಲ್ಲದ ಖಾತೆಗಳಿಗೆ.)

ಶಾಖೆಯಿಂದ ನಾಲ್ಕು ಪುಟದ ಸ್ಕ್ಯಾನ್ ಬಂತು. ತೆರೆದ ಕೂಡಲೇ ಸ್ಕ್ರೀನ್ ರೀಡರ್ ‘ದಾಖಲೆ ಖಾಲಿಯಿದೆ’ ಎಂಬರ್ಥದ ಎಚ್ಚರಿಕೆ ಹೇಳಿ ಸುಮ್ಮನಾಯಿತು. ಅವನು ಫೋನ್ ಮಾಡಿ, ‘ಮೇಡಂ, ಫೈಲ್ ಓದೋಕೆ ಬರ್ತಿಲ್ಲ’ ಎಂದ. ಅತ್ತಲಿಂದ, ‘ಸಾಫ್ಟ್ ಕಾಪಿನೇ ಕಳಿಸಿದ್ದೀವಲ್ಲಪ್ಪ, ಸರಿ, ಇನ್ನೊಂದ್ಸಲ ಕ್ಲಿಯರ್ ಆಗಿ ಕಳಿಸ್ತೀನಿ’ ಎಂಬ ಉತ್ತರ. ಹೇಳಿದಂತೆ ಮರುದಿನ ಕಳಿಸಿದರು ಕೂಡ. ಅದೇ ಹಾಳೆಗಳು, ಇನ್ನಷ್ಟು ಸ್ಪಷ್ಟವಾದ ಸ್ಕ್ಯಾನ್, ಫೈಲಿನ ಗಾತ್ರ ಮೊದಲಿಗಿಂತ ಎರಡು ಪಟ್ಟು. ಚಿತ್ರ ಎಷ್ಟೇ ಸ್ಪಷ್ಟವಾದರೂ ಚಿತ್ರವೇ. ಆ ಮೇಡಂ ಒಳ್ಳೆಯ ಮನಸ್ಸಿನಿಂದಲೇ ಸಹಾಯ ಮಾಡಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ತೊಡಕು ಇದ್ದದ್ದು ‘ಸಾಫ್ಟ್ ಕಾಪಿ’ ಎಂಬ ಮಾತಿನಲ್ಲಿ. ಶಾಖೆಯಲ್ಲಿ ಆ ಮಾತಿಗೆ ಅರ್ಥ ಕಾಗದದಲ್ಲಲ್ಲದೆ ಮೇಲ್‌ನಲ್ಲಿ ಬರುವುದು ಎಂದಷ್ಟೇ. ಪಿಡಿಎಫ್ ಎಂದರೂ ಅದೇ ಅರ್ಥ. ಹಾಗಾಗಿ ಪತ್ರದಲ್ಲಿ ಫೈಲಿನ ಹೆಸರು ಹೇಳಿದರೆ ಸಾಲದು, ಆ ಫೈಲ್ ಹೇಗೆ ತಯಾರಾಗಬೇಕು ಎಂಬುದನ್ನು ಹೇಳಬೇಕು.

‘ಸ್ಕ್ಯಾನ್ ಆದರೇನು, ಓಸಿಆರ್ ಹಾಕಿದರೆ ಅಕ್ಷರ ಬರುತ್ತದಲ್ಲ’ ಎಂದು ಕೆಲವರು ಕೇಳುತ್ತಾರೆ. ಓಸಿಆರ್ ಎಂದರೆ ಚಿತ್ರದಲ್ಲಿರುವ ಅಕ್ಷರಗಳ ಆಕಾರ ನೋಡಿ ಗುರುತಿಸುವ ತಂತ್ರಾಂಶ. ಕಥೆಯ ಪುಸ್ತಕಕ್ಕೆ ಅದು ಪರವಾಗಿಲ್ಲ. ಒಂದು ಪದದಲ್ಲಿ ಒಂದಕ್ಷರ ತಪ್ಪಿದರೂ ಸಂದರ್ಭ ನೋಡಿ ಸರಿಯಾದದ್ದನ್ನು ಊಹಿಸಿಕೊಳ್ಳಬಹುದು. ಅಂಕಿಗೆ ಸಂದರ್ಭವೆಂಬುದು ಇಲ್ಲ. 3 ಇದ್ದಲ್ಲಿ 8 ಬಂದರೆ ಎರಡೂ ನೋಡಲು ಸಹಜವೇ.

ಗೆಳೆಯನ ಸ್ಕ್ಯಾನಿಗೆ ನಾವು ಓಸಿಆರ್ ಹಾಕಿಯೇ ನೋಡಿದೆವು. ಜೂನ್ ತಿಂಗಳ ಮೂರು ಸಾಲು ಸಾಕು, ಸಮಸ್ಯೆ ಅರ್ಥವಾಗುತ್ತದೆ. ಕಾಗದದಲ್ಲಿ ಇದ್ದದ್ದು ಹೀಗೆ: ಮೊದಲಿಗೆ ಖಾತೆಯಲ್ಲಿ 7,412 ರೂಪಾಯಿ. ಜೂನ್ 3ಕ್ಕೆ ಎಟಿಎಮ್ ಹೆಸರಲ್ಲಿ 3,000 ಕಡಿತ, ಉಳಿಕೆ 4,412.00. ಜೂನ್ 10ಕ್ಕೆ ಎಸ್‌ಎಂಎಸ್ ಶುಲ್ಕ 17.70 ಕಡಿತ, ಉಳಿಕೆ 4,394.30. ಈ 17 ರೂಪಾಯಿ 70 ಪೈಸೆ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡವರಿಗಾಗಿ ಹೇಳುತ್ತೇನೆ, ಅದು 15 ರೂಪಾಯಿ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಕೊನೆಗೆ ಜೂನ್ 19ಕ್ಕೆ 3,000 ವಾಪಸ್ ಜಮೆ, ಉಳಿಕೆ 7,394.30.

ಓಸಿಆರ್ ಇದರಲ್ಲಿ ಎರಡು ತಪ್ಪು ಮಾಡಿತು. ಒಂದು, ಎಸ್‌ಎಂಎಸ್ ಶುಲ್ಕದ ಸಾಲಿನ ಉಳಿಕೆಯನ್ನು 4,894.30 ಎಂದು ಓದಿತು. ಮೊದಲ ತಪ್ಪು ಸುಲಭವಾಗಿ ಸಿಕ್ಕಿಬಿತ್ತು, ಏಕೆಂದರೆ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ಸಾಲಿಗೂ ಒಂದು ಪರೀಕ್ಷೆ ಅಡಗಿದೆ. ಹಿಂದಿನ ಉಳಿಕೆಯಲ್ಲಿ ಕಡಿತ ಕಳೆದು ಜಮೆ ಕೂಡಿದರೆ ಈ ಸಾಲಿನ ಉಳಿಕೆ ಬರಬೇಕು. ಸ್ಪ್ರೆಡ್‌ಶೀಟಿನಲ್ಲಿ C ಅಂಕಣದಲ್ಲಿ ಕಡಿತ, D ಅಂಕಣದಲ್ಲಿ ಜಮೆ, E ಅಂಕಣದಲ್ಲಿ ಉಳಿಕೆ ಇದೆ ಎಂದಿಟ್ಟುಕೊಳ್ಳಿ. ಮೊದಲ ಉಳಿಕೆ 2ನೇ ಸಾಲಿನಲ್ಲಿದ್ದರೆ, 3ನೇ ಸಾಲಿನ ಖಾಲಿ ಅಂಕಣವೊಂದರಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆದರೆ ಆಯಿತು:

```
=E2-C3+D3
```

ಈ ಸೂತ್ರ ಕೊಟ್ಟ ಉತ್ತರಕ್ಕೂ E ಅಂಕಣಕ್ಕೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ತಪ್ಪಿದೆ ಎಂದರ್ಥ. ನಮಗೆ ಅಕ್ಕಪಕ್ಕದ ಎರಡು ಸಾಲುಗಳಲ್ಲಿ 500 ರೂಪಾಯಿ ವ್ಯತ್ಯಾಸ ಬಂತು. 4,412ರಲ್ಲಿ 17.70 ಕಳೆದರೆ 4,894.30 ಬರುವುದಿಲ್ಲ, 4,894.30ಕ್ಕೆ 3,000 ಕೂಡಿದರೆ 7,394.30 ಬರುವುದಿಲ್ಲ. ಒಂದೇ ಉಳಿಕೆ ತಪ್ಪಾದಾಗ ಹೀಗೆ ಅದೇ ಸಾಲು ಮತ್ತು ಅದರ ಮುಂದಿನ ಸಾಲು ಎರಡೂ ಕೆಡುತ್ತವೆ. ಕಡಿತ ಅಥವಾ ಜಮೆಯ ಅಂಕಿ ತಪ್ಪಾಗಿದ್ದರೆ ಒಂದೇ ಸಾಲು ಕೆಡುತ್ತದೆ.

ಎರಡನೇ ತಪ್ಪು ಈ ಬಲೆಗೆ ಬೀಳಲೇ ಇಲ್ಲ. ಹಣ ಮರಳಿದ ಜೂನ್ 19ರ ಸಾಲು ಪುಟದ ಕಟ್ಟಕಡೆಯದು. ಶಾಖೆಯ ನೀಲಿ ಸೀಲಿನ ಅಂಚು ಸರಿಯಾಗಿ ಆ ದಿನಾಂಕದ ಮೇಲೆ ಹಾದುಹೋಗಿತ್ತು. ಓಸಿಆರ್ 19 ಅನ್ನು 13 ಎಂದು ಓದಿತು. ಮೊತ್ತ ಸರಿಯಿದೆ, ಉಳಿಕೆ ಸರಿಯಿದೆ, ದಿನಾಂಕಗಳ ಅನುಕ್ರಮವೂ ಸರಿಯಿದೆ, ಏಕೆಂದರೆ 10 ಆದ ಮೇಲೆ 13 ಬರುವುದರಲ್ಲಿ ವಿಚಿತ್ರವೇನೂ ಇಲ್ಲ. ಯಾವ ಸೂತ್ರವೂ ಇದನ್ನು ಹಿಡಿಯದು. ಆದರೆ ಪರಿಹಾರದ ಲೆಕ್ಕದಲ್ಲಿ ಜೂನ್ 8ರಿಂದ 13ಕ್ಕೆ 5 ದಿನ, 500 ರೂಪಾಯಿ. ಸೀಲಿನ ಒಂದು ಗೆರೆ 600 ರೂಪಾಯಿ ನುಂಗಿತ್ತು. ನಾನು ಪಕ್ಕದಲ್ಲಿ ಕುಳಿತು ಚಿತ್ರದಲ್ಲಿದ್ದ ಅಂಕಿಯನ್ನು ಓದಿ ಹೇಳದಿದ್ದರೆ ಅವನಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ವ್ಯವಹಾರದ ಉಲ್ಲೇಖ ಸಂಖ್ಯೆಗಳ ಗತಿಯೂ ಇದೇ. ಯುಪಿಐನ 12 ಅಂಕಿಯ ಸಂಖ್ಯೆಯಲ್ಲಿ ಒಂದು ತಪ್ಪಿದರೂ ಕೂಡಿ ಕಳೆದು ಪತ್ತೆ ಮಾಡಲಾಗದು, ದೂರು ಕೊಟ್ಟಾಗ ‘ಈ ಸಂಖ್ಯೆಯ ವ್ಯವಹಾರ ಸಿಗುತ್ತಿಲ್ಲ’ ಎಂಬ ಉತ್ತರ ಬಂದಾಗಲೇ ಗೊತ್ತಾಗುವುದು.

ಹಾಗಿದ್ದರೆ ಶಾಖೆಗಳು ಸ್ಕ್ಯಾನ್ ಮಾಡಿಯೇ ಏಕೆ ಕಳಿಸುತ್ತವೆ? ಸೋಮಾರಿತನ ಎಂದುಬಿಡುವುದು ಸುಲಭ, ಆದರೆ ಸ್ಕ್ಯಾನ್ ಮಾಡುವುದೇ ಹೆಚ್ಚು ಕೆಲಸ ಎಂಬುದನ್ನು ಮರೆಯಬಾರದು. ನಾನು ಕಂಡಂತೆ ಇದಕ್ಕೆ ಮುಖ್ಯ ಕಾರಣ ಸೀಲು. ಸ್ಟೇಟ್‌ಮೆಂಟ್ ಕೇಳಿಕೊಂಡು ಶಾಖೆಗೆ ಬರುವವರಲ್ಲಿ ಬಹಳ ಮಂದಿಗೆ ಅದು ಬೇಕಿರುವುದು ಇನ್ನೊಂದು ಕಚೇರಿಗೆ ಕೊಡಲು, ಶಿಕ್ಷಣ ಸಾಲಕ್ಕೋ ವೀಸಾಕ್ಕೋ. ಆ ಕಚೇರಿಗಳು ಸೀಲು, ಸಹಿ ಕೇಳುತ್ತವೆ. ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಕೊಡಬೇಕಾದರೆ ಅದರ ಜೊತೆ ಬ್ಯಾಂಕಿನ ಪ್ರಮಾಣಪತ್ರ ಇರಬೇಕು. ಹೀಗಾಗಿ ಸಿಬ್ಬಂದಿಗೆ ಸೀಲಿಲ್ಲದ ಸ್ಟೇಟ್‌ಮೆಂಟ್ ಎಂದರೆ ಅರ್ಧ ಕೆಲಸದಂತೆ ಕಾಣುತ್ತದೆ. ಆದರೆ ತನ್ನ ಖಾತೆಯನ್ನು ತಾನೇ ಓದಿಕೊಳ್ಳಲು ಕೇಳುವವನು ನ್ಯಾಯಾಲಯಕ್ಕೆ ಹೊರಟಿಲ್ಲ. ಇದನ್ನು ಪತ್ರದಲ್ಲೇ ಬಿಡಿಸಿ ಹೇಳಿದರೆ ಅರ್ಧ ಗಂಟು ಬಿಚ್ಚಿದಂತೆ.

ಇನ್ನೊಂದು ಕಾರಣ ಭಯ. ಪಠ್ಯವಿರುವ ಪಿಡಿಎಫ್ ಕೊಟ್ಟರೆ ಯಾರಾದರೂ ಅಂಕಿ ತಿದ್ದಿಬಿಟ್ಟರೆ? ಸ್ಕ್ಯಾನನ್ನೂ ಚಿತ್ರ ತಿದ್ದುವ ಆ್ಯಪ್‌ನಲ್ಲಿ ತಿದ್ದಬಹುದು ಎಂಬುದು ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ತಿದ್ದುಪಡಿಯನ್ನು ನಿಜವಾಗಿ ಬಯಲು ಮಾಡುವುದು ಡಿಜಿಟಲ್ ಸಹಿ. ಅದು ಹಾಕಿದ ಮೇಲೆ ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಸಹಿ ಪರೀಕ್ಷಿಸುವಾಗ ಗೊತ್ತಾಗುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಸೆಕ್ಷನ್ ಅಂಥ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆ ಕೊಟ್ಟಿದೆ. ಮತ್ತೆ ಆ ಸಹಿ ಉಳಿಯುವುದು ಮೂಲ ಪಿಡಿಎಫ್‌ನಲ್ಲಿ ಮಾತ್ರ. ಪ್ರಿಂಟ್ ಮಾಡಿ ಸ್ಕ್ಯಾನ್ ಮಾಡಿದ ಕ್ಷಣ ಅದೂ ಬರೀ ಚಿತ್ರವಾಗುತ್ತದೆ.

ಕಾನೂನಿನ ಮಾತು ಬಂದಿದ್ದರಿಂದ, ಪತ್ರದಲ್ಲಿ ಯಾವುದನ್ನು ಉಲ್ಲೇಖಿಸಬೇಕು ಎಂಬುದನ್ನೂ ನೋಡೋಣ. 2017ರ ಅಂಗವಿಕಲರ ಹಕ್ಕುಗಳ ನಿಯಮಾವಳಿಯಲ್ಲಿ 15ನೇ ನಿಯಮ, ಜಾಲತಾಣಗಳಲ್ಲಿ ಹಾಕುವ ದಾಖಲೆಗಳು ಇ-ಪಬ್ ಅಥವಾ ಓಸಿಆರ್ ಆಧಾರಿತ ಪಿಡಿಎಫ್ ರೂಪದಲ್ಲಿರಬೇಕು ಎಂದಿತ್ತು. ಇದನ್ನು ಆಧಾರವಾಗಿಟ್ಟು ಪತ್ರ ಬರೆಯಲು ಹೋದರೆ ಎರಡು ತೊಂದರೆಗಳಿವೆ. 2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ನಿಯಮದ 1ನೇ ಉಪನಿಯಮ ಬರೀ ಮಾರ್ಗದರ್ಶಿಯಂತಿದೆ, ಕಡ್ಡಾಯ ಮಾನದಂಡ ಹಾಕಬೇಕೆನ್ನುವ ಮೂಲ ಕಾಯ್ದೆಗೆ ಇದು ಹೊಂದುವುದಿಲ್ಲ ಎಂದು ಹೇಳಿತು. ಅದಕ್ಕಿಂತ ಮುಖ್ಯವಾಗಿ, ಓಸಿಆರ್ ಆಧಾರಿತ ಪಿಡಿಎಫ್ ಸಾಕು ಎಂದು ನಾವೇ ಬರೆದುಕೊಟ್ಟರೆ ಮೇಲೆ ಹೇಳಿದ 13 ಮತ್ತು 19ರ ಕಥೆಯೇ ಮರುಕಳಿಸುತ್ತದೆ. ಸ್ಕ್ಯಾನ್ ಮಾಡಿ ಓಸಿಆರ್ ಹಾಕಿ ಕಳಿಸಿದರೂ ಕೇಳಿದ್ದು ಕೊಟ್ಟಂತಾಯಿತಲ್ಲ!

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಇದಕ್ಕಿಂತ ಗಟ್ಟಿಯಾದ ನೆಲೆ. ತಮ್ಮ ಹಣಕಾಸಿನ ವ್ಯವಹಾರವನ್ನು ತಾವೇ ನಿಯಂತ್ರಿಸುವ ಹಕ್ಕು ಅಂಗವಿಕಲರಿಗೆ ಇತರರಷ್ಟೇ ಇದೆ ಎಂದು ಅದು ಹೇಳುತ್ತದೆ. ತನ್ನ ಖಾತೆಯ ವಿವರವನ್ನೇ ಓದಲಾಗದವನು ಏನನ್ನು ನಿಯಂತ್ರಿಸಿಯಾನು? ಇದರ ಜೊತೆಗೆ 2025ರ ಏಪ್ರಿಲ್ 30ರ ಪ್ರಜ್ಞಾ ಪ್ರಸೂನ್ ತೀರ್ಪನ್ನು ಹೆಸರಿಸಬಹುದು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಹೀನ ವಕೀಲರಾದ ಅಮರ್ ಜೈನ್ ಸಲ್ಲಿಸಿದ್ದ ಅರ್ಜಿಗಳವು. ಕಣ್ಣು ಮಿಟುಕಿಸಿ ತೋರಿಸಿ ಎನ್ನುವಂಥ ಡಿಜಿಟಲ್ ಕೆವೈಸಿಯ ಕ್ರಮವನ್ನು ಅವು ಪ್ರಶ್ನಿಸಿದ್ದವು. ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಆದರೆ ಅವುಗಳ ಒತ್ತು ಇರುವುದು ಕೆವೈಸಿಯ ಮೇಲೆ. ‘ಸ್ಟೇಟ್‌ಮೆಂಟ್ ಹೀಗೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ’ ಎಂದು ಪತ್ರದಲ್ಲಿ ಬರೆಯಬಾರದು. ಇಲ್ಲದ್ದನ್ನು ಬರೆದರೆ ಇದ್ದದ್ದರ ಬೆಲೆಯೂ ಹೋಗುತ್ತದೆ.

ಈ ಎಲ್ಲವನ್ನೂ ಯೋಚಿಸಿ ಗೆಳೆಯ ಬರೆದ ಪತ್ರದ ಮುಖ್ಯ ಭಾಗ ಇದು. ಅವನ ಒಪ್ಪಿಗೆಯಿಂದಲೇ ಕೊಡುತ್ತಿದ್ದೇನೆ, ಖಾತೆಯ ವಿವರ ಬಿಟ್ಟು.

‘ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಪಠ್ಯರೂಪದ ಪಿಡಿಎಫ್‌ನಲ್ಲಿ ಖಾತೆಯ ಸ್ಟೇಟ್‌ಮೆಂಟ್ ಕೋರಿ.

ಮಾನ್ಯರೇ, ತಮ್ಮ ಶಾಖೆಯಲ್ಲಿ ನನ್ನ ಉಳಿತಾಯ ಖಾತೆಯಿದೆ. ನಾನು ದೃಷ್ಟಿಹೀನ. ಕಂಪ್ಯೂಟರಿನಲ್ಲಿರುವ ಪಠ್ಯವನ್ನು ಧ್ವನಿಯಾಗಿ ಓದುವ ತಂತ್ರಾಂಶದ ಮೂಲಕ ಓದುತ್ತೇನೆ. ತಾವು ಎರಡು ಬಾರಿ ಕಳಿಸಿದ ಫೈಲುಗಳು ಮುದ್ರಿತ ಹಾಳೆಗಳ ಸ್ಕ್ಯಾನ್ ಚಿತ್ರಗಳಾದ್ದರಿಂದ ತಂತ್ರಾಂಶಕ್ಕೆ ಅವು ಖಾಲಿಯಾಗಿ ಕಾಣುತ್ತವೆ.

ಏಪ್ರಿಲ್ 1ರಿಂದ ಜೂನ್ 30ರವರೆಗಿನ ಸ್ಟೇಟ್‌ಮೆಂಟನ್ನು ಕಾಗದದ ಮೇಲೆ ಮುದ್ರಿಸದೆ, ತಮ್ಮ ಕಂಪ್ಯೂಟರಿನಿಂದ ನೇರವಾಗಿ ಪಿಡಿಎಫ್ ಆಗಿ ಉಳಿಸಿ, ಆ ಫೈಲನ್ನೇ ನನ್ನ ನೋಂದಾಯಿತ ಇ-ಮೇಲ್‌ಗೆ ಕಳಿಸಬೇಕೆಂದು ಕೋರುತ್ತೇನೆ. ಕಳಿಸುವ ಮುನ್ನ ಫೈಲ್ ತೆರೆದು ಯಾವುದಾದರೂ ಒಂದು ಸಾಲಿನ ಮೊತ್ತವನ್ನು ಮೌಸಿನಿಂದ ಆಯ್ದು ನೋಡಬಹುದು. ಆ ಅಂಕಿಯಷ್ಟೇ ಆಯ್ಕೆಯಾದರೆ ನನಗೆ ಬೇಕಾದ ಫೈಲ್ ಅದೇ. ಎಕ್ಸೆಲ್ ಅಥವಾ ಸಿಎಸ್‌ವಿ ರೂಪದಲ್ಲಿ ಕೊಡಲು ಸಾಧ್ಯವಿದ್ದರೆ ಅದೂ ಆಗುತ್ತದೆ.

ಇದು ನನ್ನ ಸ್ವಂತ ಓದಿಗೆ. ಇದಕ್ಕೆ ಸೀಲು, ಸಹಿ ಬೇಕಿಲ್ಲ. ಶಾಖೆಯ ನಿಯಮದಂತೆ ಸೀಲಿನ ಪ್ರತಿ ಕೊಡಲೇಬೇಕೆಂದಿದ್ದರೆ ಅದನ್ನು ಪ್ರತ್ಯೇಕವಾಗಿ ಕೊಡಬಹುದು. ಹಣಕಾಸಿನ ವ್ಯವಹಾರವನ್ನು ಸ್ವತಃ ನಿಯಂತ್ರಿಸುವ ಹಕ್ಕನ್ನು ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 13ನೇ ಸೆಕ್ಷನ್ ನನಗೆ ಕೊಟ್ಟಿದೆ. ಶಾಖೆಯಲ್ಲಿ ಇದು ಸಾಧ್ಯವಿಲ್ಲವಾದರೆ ಕಾರಣವನ್ನು, ಯಾವ ಕಚೇರಿಯಿಂದ ಪಡೆಯಬಹುದು ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.’

ಪತ್ರದಲ್ಲಿ ಪಠ್ಯರೂಪ ಎಂಬ ಪದ ಬರುವುದು ವಿಷಯದ ಸಾಲಿನಲ್ಲಿ ಒಮ್ಮೆ ಮಾತ್ರ. ಉಳಿದೆಡೆ ಅವನು ಏನು ಮಾಡಬೇಕು, ಮಾಡಿದ್ದು ಸರಿಯಾಗಿದೆಯೇ ಎಂದು ಹೇಗೆ ನೋಡಬೇಕು ಎಂದು ಹೇಳಿದ್ದಾನೆ. ಕೌಂಟರಿನಲ್ಲಿ ಹತ್ತು ಜನ ಕಾಯುತ್ತಿರುವಾಗ ಪಿಡಿಎಫ್‌ಗಳ ಜಾತಿಭೇದ ವಿವರಿಸಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಮೌಸಿನಿಂದ ಆಯ್ದು ನೋಡಿ ಎಂದರೆ ಅರ್ಧ ನಿಮಿಷದ ಕೆಲಸ. ಕೊನೆಯ ಸಾಲನ್ನೂ ಗಮನಿಸಿ. ಎಷ್ಟೋ ಶಾಖೆಗಳಲ್ಲಿ ಕೌಂಟರಿನ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕುವಂತಿಲ್ಲ, ಅದರಿಂದ ಹೊರಗಿನ ವಿಳಾಸಕ್ಕೆ ಮೇಲ್ ಕಳಿಸುವಂತಿಲ್ಲ. ಅದು ಭದ್ರತೆಯ ಕಾರಣಕ್ಕೆ, ಸರಿಯೇ. ಆಗ ಸಿಬ್ಬಂದಿಯ ಕೈಯಲ್ಲಿ ಉಳಿಯುವ ಒಂದೇ ದಾರಿ ಪ್ರಿಂಟರ್ ಮತ್ತು ಸ್ಕ್ಯಾನರ್. ಹಾಗಿದ್ದಾಗ ಮನವಿ ಮೇಲಿನ ಕಚೇರಿಗೆ ಹೋಗಬೇಕು, ಅದಕ್ಕೆ ಶಾಖೆಯ ಲಿಖಿತ ಉತ್ತರ ಬೇಕು. ಪತ್ರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬಾರದು. ಇಲ್ಲಿ ಮಾತ್ರ ಸೀಲು ನಮ್ಮ ಪರ.

ಪತ್ರ ಕೊಟ್ಟ ಆರನೇ ದಿನ ಫೈಲ್ ಬಂತು. ಬಂದ ಫೈಲ್ ಯಾವ ಬಗೆಯದು ಎಂದು ತಿಳಿಯಲು ಹಲವು ಗುರುತುಗಳಿವೆ. ಸ್ಕ್ಯಾನ್ ಫೈಲ್ ಕೆಲವು ಪುಟಕ್ಕೇ ಎಂಬಿಗಳಲ್ಲಿ ತೂಗುತ್ತದೆ, ಪಠ್ಯದ ಫೈಲ್ ಹೆಚ್ಚಾಗಿ ಕೆಬಿಗಳಲ್ಲೇ ಮುಗಿಯುತ್ತದೆ. ತುಂಬಾ ದೊಡ್ಡದು ಮಾಡಿ ನೋಡಿದರೆ ಚಿತ್ರದ ಅಕ್ಷರಗಳ ಅಂಚು ಒಡೆಯುತ್ತದೆ, ಪಠ್ಯದ್ದು ಒಡೆಯುವುದಿಲ್ಲ. ಕಾಣದವರಿಗೆ ಈ ಎರಡನೇ ಗುರುತು ಉಪಯೋಗವಿಲ್ಲ, ಆದ್ದರಿಂದ ಗೆಳೆಯ ಆಜ್ಞೆ ಟೈಪ್ ಮಾಡಿ ನೋಡುತ್ತಾನೆ. ಪಾಪ್ಲರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಇದು ಸಿಗುತ್ತದೆ:

```
pdffonts statement.pdf
```

ಫೈಲಿನಲ್ಲಿ ಬಳಸಿದ ಫಾಂಟುಗಳ ಪಟ್ಟಿ ಬಂದರೆ ಅದರಲ್ಲಿ ಪಠ್ಯವಿದೆ. ಪಟ್ಟಿ ಖಾಲಿ ಬಂದರೆ ಅದು ಬರೀ ಚಿತ್ರ. ಪಟ್ಟಿಯಲ್ಲಿ `GlyphLessFont` ಎಂಬ ಒಂದೇ ಹೆಸರು ಕಂಡರೆ ಎಚ್ಚರ ವಹಿಸಬೇಕು. ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಚಿತ್ರದ ಹಿಂದೆ ಕಾಣದಂತೆ ಅಂಟಿಸುವ ಪಠ್ಯಕ್ಕೆ ಇಡುವ ಹೆಸರು ಅದು. ಅಂದರೆ ಸ್ಕ್ಯಾನೇ, ಮೇಲೊಂದು ಪಠ್ಯದ ಹೊದಿಕೆ. ಮೌಸಿನಿಂದ ಆಯ್ಕೆ ಮಾಡಿದರೆ ಆಯ್ಕೆಯೂ ಆಗುತ್ತದೆ, ಅಂಕಿ ಮಾತ್ರ ನಂಬುವಂತಿಲ್ಲ.

ಅವನಿಗೆ ಬಂದದ್ದು ನಿಜವಾದ ಪಠ್ಯದ ಫೈಲೇ. ಜೂನ್ 19 ಎಂದು ಸ್ಕ್ರೀನ್ ರೀಡರ್ ತಾನಾಗಿಯೇ ಓದಿತು. ಆ ದಿನದಿಂದ ಜೂನ್ ಕೊನೆಯವರೆಗೆ ಪರಿಹಾರದ ಹಣ ಎಲ್ಲೂ ಜಮೆಯಾಗಿಲ್ಲ ಎಂಬುದನ್ನೂ ಅವನೇ ಹುಡುಕಿಕೊಂಡ. ಎರಡು ದಿನಾಂಕ, ಉಲ್ಲೇಖ ಸಂಖ್ಯೆ, 11 ದಿನದ ಲೆಕ್ಕ ಬರೆದು 1,100 ರೂಪಾಯಿ ಕೋರಿ ಬ್ಯಾಂಕಿಗೆ ದೂರು ಕೊಟ್ಟಿದ್ದಾನೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಸ್ಟೇಟ್‌ಮೆಂಟಿನ ಮನವಿಗೇ ಶಾಖೆ ಸ್ಪಂದಿಸದಿದ್ದರೂ ದಾರಿ ಇದೇ. ಆದರೆ ಬರೀ ಮನವಿ ಪತ್ರ ಸಾಲದು, ಮೊದಲು ಬ್ಯಾಂಕಿಗೆ ‘ದೂರು’ ಎಂದೇ ಬರೆದು ಕೊಟ್ಟು ಅದರ ಸಂಖ್ಯೆ ಇಟ್ಟುಕೊಂಡಿರಬೇಕು.

ಪಠ್ಯದ ಪಿಡಿಎಫ್ ಬಂದರೂ ಒಂದು ಕೊರತೆ ಉಳಿಯುತ್ತದೆ. ಕೋಷ್ಟಕವನ್ನು ಕೋಷ್ಟಕವೆಂದು ಗುರುತು ಹಾಕದ ಫೈಲಾದರೆ ಸ್ಕ್ರೀನ್ ರೀಡರ್ ದಿನಾಂಕ, ವಿವರ, ಮೊತ್ತ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಓದಿಬಿಡುತ್ತದೆ. 3,000 ಎಂದಾಗ ಅದು ಕಡಿತದ ಅಂಕಣದ್ದೋ ಜಮೆಯದ್ದೋ ತಿಳಿಯುವುದಿಲ್ಲ. ಗೆಳೆಯ ಅದನ್ನು ಮುಂದಿನ ಉಳಿಕೆ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡಿ ತಿಳಿದುಕೊಳ್ಳುತ್ತಾನೆ. ಪತ್ರದಲ್ಲಿ ಎಕ್ಸೆಲ್ ಅಥವಾ ಸಿಎಸ್‌ವಿ ಎಂದು ಸೇರಿಸಿದ್ದು ಅದಕ್ಕೇ, ಅಲ್ಲಿ ಪ್ರತಿ ಅಂಕಿಗೂ ತನ್ನದೇ ಮನೆಯಿರುತ್ತದೆ, ಅಂಕಣದ ಹೆಸರು ಕೇಳಿಕೊಂಡೇ ಓದಬಹುದು. ಈ ಬಾರಿ ಶಾಖೆ ಪಿಡಿಎಫ್ ಮಾತ್ರ ಕೊಟ್ಟಿದೆ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಸ್ಟೇಟ್‌ಮೆಂಟಿಗೆ ಬರೆಯುವ ಪತ್ರದಲ್ಲಿ ಅವನು ಆ ಸಾಲನ್ನು ಮೊದಲಿಗೆ ತಂದಿದ್ದಾನೆ.